ಒಂದೇ ಬಗೆಯ ಅಭ್ಯಾಸವೋ, ಬೆರಕೆ ಅಭ್ಯಾಸವೋ? ವಾಲಿಬಾಲ್ ಸರ್ವಿಸ್ ಕಲಿಸುವವರಿಗೆ ಮಾರ್ಗದರ್ಶಿ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಪ್ರೌಢಶಾಲೆಗಳಲ್ಲಿ ವಾಲಿಬಾಲ್ ತಂಡ ಕಟ್ಟುವ ದೈಹಿಕ ಶಿಕ್ಷಕರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಬೆಳಗಿನ ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಸರ್ವಿಸ್‌ಗಳನ್ನು ಹೇಳಿದ ಜಾಗಕ್ಕೇ ಹಾಕುವ ಹುಡುಗಿ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಮೊದಲ ಸರ್ವಿಸನ್ನೇ ನೆಟ್‌ಗೆ ಹೊಡೆಯುವುದೇಕೆ? ಹೆದರಿಕೆ ಎಂದು ಎಲ್ಲರೂ ಹೇಳುತ್ತಾರೆ. ಹೆದರಿಕೆಯೂ ಇರಬಹುದು. ಆದರೆ ಅದಕ್ಕಿಂತ ಮೊದಲು ನೋಡಬೇಕಾದ ಕಾರಣವೊಂದು ನಮ್ಮ ಅಭ್ಯಾಸದ ಕ್ರಮದಲ್ಲೇ ಇದೆ. ಅಭ್ಯಾಸದಲ್ಲಿ ಅವಳು ಒಂದೇ ಮೂಲೆಗೆ ಒಂದರ ಹಿಂದೆ ಒಂದು ಹತ್ತು ಚೆಂಡು ಹೊಡೆದಿರುತ್ತಾಳೆ. ಪಂದ್ಯದಲ್ಲಿ ಸರದಿ ಬಂದಾಗ ಅವಳಿಗೆ ಸಿಗುವುದು ಒಂದು ಚೆಂಡು. ಆ ಅಂಕ ಕಳೆದರೆ ತಂಡ ಪೂರ್ತಿ ಒಂದು ಸುತ್ತು ತಿರುಗಿ ಬರುವವರೆಗೆ ಅವಳು ಮತ್ತೆ ಸರ್ವಿಸ್ ಮಾಡುವಂತಿಲ್ಲ. ಹತ್ತರ ಸರಣಿಯಲ್ಲಿ ಎಂಟು ಸರಿ ಹಾಕುವುದನ್ನು ಅವಳು ಕಲಿತಿದ್ದಾಳೆ, ಒಂಟಿಯಾಗಿ ಬರುವ ಒಂದನ್ನು ಸರಿ ಹಾಕುವುದನ್ನು ನಾವು ಕಲಿಸಿಲ್ಲ.

ಹದಿಮೂರರಿಂದ ಹದಿನಾರು ವಯಸ್ಸಿನ ಹನ್ನೆರಡು ಆಟಗಾರ್ತಿಯರ ತಂಡ, ಒಂದು ಮಣ್ಣಿನ ಅಂಕಣ, ಆರು ಚೆಂಡು ಇರುವ ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡು, ನಾಲ್ಕು ವಾರಗಳ ಸರ್ವಿಸ್ ಅಭ್ಯಾಸವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಉಳಿದ ಕೌಶಲಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ಸರ್ವಿಸನ್ನು ಆರಿಸಿಕೊಂಡದ್ದು ಎಣಿಸಲು ಸುಲಭ ಎಂಬ ಕಾರಣಕ್ಕೆ.

ಎರಡು ಪದಗಳ ಅರ್ಥ

ಕ್ರೀಡಾ ತರಬೇತಿಯ ಪುಸ್ತಕಗಳಲ್ಲಿ ಇವನ್ನು ಬ್ಲಾಕ್ಡ್ ಪ್ರ್ಯಾಕ್ಟಿಸ್ ಮತ್ತು ರ‍್ಯಾಂಡಮ್ ಪ್ರ್ಯಾಕ್ಟಿಸ್ ಎನ್ನುತ್ತಾರೆ. ವಾಲಿಬಾಲ್‌ನಲ್ಲಿ ಬ್ಲಾಕ್ ಎಂದರೆ ನೆಟ್ ಬಳಿ ಕೈಯೆತ್ತಿ ಎದುರಾಳಿಯ ಹೊಡೆತವನ್ನು ತಡೆಯುವುದು. ಈ ಗೊಂದಲ ಬೇಡವೆಂದು ನಾನು ಮೊದಲನೆಯದನ್ನು ‘ಒಂದೇ ಬಗೆಯ ಅಭ್ಯಾಸ’ ಎಂದೂ ಎರಡನೆಯದನ್ನು ‘ಬೆರಕೆ ಅಭ್ಯಾಸ’ ಎಂದೂ ಕರೆಯುತ್ತೇನೆ.

ಒಬ್ಬ ಆಟಗಾರ್ತಿ ಒಂದು ಬೆಳಿಗ್ಗೆ ಮೂರು ಗುರಿಗಳಿಗೆ ತಲಾ ಎಂಟರಂತೆ 24 ಸರ್ವಿಸ್ ಮಾಡುತ್ತಾಳೆ ಎಂದುಕೊಳ್ಳಿ. ಮೊದಲ ಗುರಿಗೆ ಎಂಟು ಮುಗಿಸಿ, ಎರಡನೆಯದಕ್ಕೆ ಎಂಟು, ಆಮೇಲೆ ಮೂರನೆಯದಕ್ಕೆ ಎಂಟು ಹೊಡೆದರೆ ಅದು ಒಂದೇ ಬಗೆಯ ಅಭ್ಯಾಸ. ಅದೇ 24 ಚೆಂಡುಗಳನ್ನು, ಮುಂದಿನ ಗುರಿ ಯಾವುದೆಂದು ಅವಳಿಗೆ ಮೊದಲೇ ತಿಳಿಯದ ಹಾಗೆ ಕಲಸಿ ಹೊಡೆಸಿದರೆ ಅದು ಬೆರಕೆ ಅಭ್ಯಾಸ. ಚೆಂಡುಗಳ ಸಂಖ್ಯೆ, ಗುರಿ, ಸಮಯ ಯಾವುದೂ ಬದಲಾಗುವುದಿಲ್ಲ. ಬದಲಾಗುವುದು ಕ್ರಮ ಮಾತ್ರ. ಹಲವು ಗುರಿ ಇಟ್ಟ ಕೂಡಲೇ ತಮ್ಮ ಅಭ್ಯಾಸ ಬೆರಕೆಯಾಯಿತು ಎಂದು ಕೆಲವರು ತಿಳಿಯುತ್ತಾರೆ, ಹಾಗಲ್ಲ. ಇವೆರಡರ ನಡುವೆ ಸರದಿ ಅಭ್ಯಾಸ ಎಂಬ ಮೂರನೆಯದೂ ಇದೆ. ಅದರಲ್ಲಿ ಗುರಿ ಪ್ರತಿ ಚೆಂಡಿಗೂ ಬದಲಾಗುತ್ತದೆ, ಆದರೆ ಒಂದು, ಎರಡು, ಮೂರು, ಮತ್ತೆ ಒಂದು, ಎರಡು, ಮೂರು ಎಂದು ಗೊತ್ತಿರುವ ಕ್ರಮದಲ್ಲಿ.

ಬರೀ ಕ್ರಮ ಬದಲಾದರೆ ಕಲಿಕೆ ಬದಲಾಗುವುದೇಕೆ

1979ರಲ್ಲಿ ಜಾನ್ ಶೀ ಮತ್ತು ರಾಬಿನ್ ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಸರಳ ಪ್ರಯೋಗವೊಂದನ್ನು ಮಾಡಿದರು. ಸಣ್ಣ ಮರದ ತಡೆಗಳನ್ನು ಹೇಳಿದ ಕ್ರಮದಲ್ಲಿ ಕೈಯಿಂದ ಬೇಗ ಬೇಗ ಕೆಡವುವ ಮೂರು ಬಗೆಯ ಚಲನೆಗಳನ್ನು ಒಂದು ಗುಂಪು ಒಂದೇ ಬಗೆಯ ಕ್ರಮದಲ್ಲಿ, ಇನ್ನೊಂದು ಗುಂಪು ಬೆರಕೆ ಕ್ರಮದಲ್ಲಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದಿತ್ತು. ಹತ್ತು ದಿನಗಳ ನಂತರ ಪರೀಕ್ಷಿಸಿದಾಗ ಬೆರಕೆ ಗುಂಪು ಮುಂದಾಯಿತು. 1986ರಲ್ಲಿ ಗೂಡ್ ಮತ್ತು ಮಗಿಲ್ ಎಂಬವರು ಹೊಸದಾಗಿ ಆಡುವವರಿಗೆ ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವಿಸ್‌ಗಳನ್ನು ಕಲಿಸಿ ನೋಡಿದಾಗಲೂ, ನಂತರದ ಪರೀಕ್ಷೆಯಲ್ಲಿ ಬೆರಕೆ ಕ್ರಮದವರೇ ಮೇಲಾದರು. ಅಭ್ಯಾಸ ಮಾಡದ ಇನ್ನೊಂದು ಬದಿಯಿಂದ ಸರ್ವಿಸ್ ಮಾಡಿಸಿದಾಗಲೂ ಹಾಗೆಯೇ ಆಯಿತು.

ಇದಕ್ಕೆ ಕೊಡುವ ವಿವರಣೆಗಳಲ್ಲಿ ಅಂಕಣದ ಮೇಲೆ ನಿಂತು ನೋಡುವವರಿಗೆ ಒಪ್ಪುವುದು ಇದು. ಒಂದೇ ಮೂಲೆಗೆ ಎಂಟು ಚೆಂಡು ಹೊಡೆಯುವಾಗ ಆಟಗಾರ್ತಿ ನಿರ್ಧಾರ ಮಾಡುವುದು ಮೊದಲ ಚೆಂಡಿಗೆ ಮಾತ್ರ. ಎಷ್ಟು ಬಲ, ಯಾವ ದಿಕ್ಕು, ಅಂಗೈ ಎಲ್ಲಿ ತಾಗಬೇಕು ಎಂಬುದನ್ನು ಆಗ ಲೆಕ್ಕ ಹಾಕುತ್ತಾಳೆ. ಉಳಿದ ಏಳಕ್ಕೆ ಹಿಂದಿನದರ ಸಣ್ಣ ತಿದ್ದುಪಡಿ ಸಾಕು. ನಡುವೆ ಬೇರೆ ಗುರಿ ಬಂದರೆ ಹಿಂದಿನ ಲೆಕ್ಕ ಕೈಬಿಟ್ಟು ಹೋಗುತ್ತದೆ, ಪ್ರತಿ ಚೆಂಡಿಗೂ ಅದನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಪಂದ್ಯದಲ್ಲಿ ಬೇಕಾಗುವುದು ಈ ಹೊಸದಾಗಿ ಕಟ್ಟುವ ಕೆಲಸವೇ. ಅದಕ್ಕೆ ಶ್ರಮ ಹೆಚ್ಚು, ತಪ್ಪೂ ಹೆಚ್ಚು, ಹಾಗಾಗಿ ಅಭ್ಯಾಸದ ಹೊತ್ತಿನಲ್ಲಿ ಅದು ಕೆಟ್ಟದಾಗಿ ಕಾಣುತ್ತದೆ.

ಈ ಕೆಟ್ಟದಾಗಿ ಕಾಣುವಿಕೆ ಆಟಗಾರರನ್ನೂ ಮೋಸಗೊಳಿಸುತ್ತದೆ. 2001ರಲ್ಲಿ ಸೈಮನ್ ಮತ್ತು ಬ್ಯೋರ್ಕ್ ಎಂಬವರು, ಮಾರನೆಯ ದಿನ ಎಷ್ಟು ಚೆನ್ನಾಗಿ ಮಾಡುತ್ತೀರಿ ಎಂದು ಕಲಿಯುವವರನ್ನೇ ಕೇಳಿ ನೋಡಿದರು. ಒಂದೇ ಬಗೆಯ ಕ್ರಮದಲ್ಲಿ ಅಭ್ಯಾಸ ಮಾಡಿದವರು ತಮ್ಮ ಬಗ್ಗೆ ಇಟ್ಟುಕೊಂಡ ನಿರೀಕ್ಷೆ ಮಾರನೆಯ ದಿನ ಸುಳ್ಳಾಯಿತು. ಆದ್ದರಿಂದ ‘ಯಾವುದು ಚಲೋ ಅನಿಸ್ತದ?’ ಎಂದು ಹುಡುಗಿಯರನ್ನು ಕೇಳಿ ಕ್ರಮ ನಿರ್ಧರಿಸಬೇಡಿ.

ಬೇಕಾಗುವ ಸಾಮಾನು

ಚೆಂಡು, ನೆಟ್, ಸೀಟಿ ಇದ್ದೇ ಇರುತ್ತವೆ. ಇವುಗಳ ಜೊತೆಗೆ ಗುರಿ ಗುರುತಿಸಲು ಸುಣ್ಣದ ಪುಡಿ, 24 ಸಣ್ಣ ಚೀಟಿಗಳು, ಒಂದು ನೋಟುಬುಕ್ ಬೇಕು. ತೊಗರಿಯ ಖಾಲಿ ಗೋಣಿಚೀಲಗಳನ್ನು ಬಿಚ್ಚಿ ಹಾಸಿಯೂ ಗುರಿ ಮಾಡಬಹುದು, ಆದರೆ ಯಾರೂ ಓಡಾಡದ ಹೊತ್ತಿನಲ್ಲಿ ಮಾತ್ರ, ಏಕೆಂದರೆ ಚೀಲದ ಮೇಲೆ ಕಾಲಿಟ್ಟವರು ಜಾರುತ್ತಾರೆ.

ಗುರಿಗಳು ಮೂರು. ಪ್ರತಿಯೊಂದೂ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಚೌಕ. ವಾಲಿಬಾಲ್‌ನಲ್ಲಿ ಅಂಕಣದ ಅರ್ಧ ಭಾಗವನ್ನು ಆರು ಸ್ಥಾನಗಳಾಗಿ ಎಣಿಸುತ್ತಾರೆ. ಎದುರಾಳಿಗಳ ಬಲ ಹಿಂಭಾಗದ ಮೂಲೆ ‘ಒಂದು’, ಅವರ ಎಡ ಹಿಂಭಾಗದ ಮೂಲೆ ‘ಐದು’. ನಿಮ್ಮ ಆಟಗಾರ್ತಿ ಎಂಡ್ ಲೈನಿನ ಬಲಬದಿಯಲ್ಲಿ ನಿಂತರೆ ಐದು ನೇರಕ್ಕೆ ಬರುತ್ತದೆ, ಒಂದು ಓರೆಯಾಗಿ ಬರುತ್ತದೆ. ಮೂರನೆಯ ಗುರಿಯನ್ನು ನಾವು ‘ಗಿಡ್ಡ’ ಎನ್ನೋಣ. ಅದು ಅಂಕಣದ ನಡುವೆ, ನೆಟ್‌ನಿಂದ ಎರಡು ಮೀಟರ್ ದೂರದಲ್ಲಿ ಆರಂಭವಾಗಿ ಐದು ಮೀಟರ್‌ಗೆ ಮುಗಿಯುವ ಚೌಕ. ಒಂದು ಮತ್ತು ಐದರ ನಡುವೆ ಮುಖ್ಯವಾಗಿ ದಿಕ್ಕು ಬದಲಾಗುತ್ತದೆ. ಗಿಡ್ಡಕ್ಕೆ ಬಂದಾಗ ಬಲ ಬದಲಾಗುತ್ತದೆ, ಬಹಳ ಮಕ್ಕಳು ಸೋಲುವುದು ಅಲ್ಲಿಯೇ.

ಹಂತ 1: ಮೊದಲು ಅಳೆಯಿರಿ

ಮೊದಲ ಸೋಮವಾರ, ಬೇರೆ ಏನನ್ನೂ ಮಾಡಿಸುವ ಮೊದಲು, ಎರಡು ಪರೀಕ್ಷೆ ಮಾಡಿ. ಭುಜ ಸಡಿಲಗೊಳಿಸುವ ವ್ಯಾಯಾಮವಷ್ಟೇ ಇರಲಿ, ಸರ್ವಿಸ್ ಮಾಡಿ ಕೈ ಬಿಸಿಮಾಡಿಕೊಳ್ಳಲು ಬಿಡಬೇಡಿ.

ಮೊದಲನೆಯದು ಎಸೆತದ ಪರೀಕ್ಷೆ. ಸರ್ವಿಸ್‌ಗೆ ಚೆಂಡನ್ನು ಮೇಲೆ ಎಸೆಯುವುದನ್ನೇ ಟಾಸ್ ಎನ್ನುತ್ತೇವೆ. ಆಟಗಾರ್ತಿ ಚೆಂಡನ್ನು ಎಸೆಯಲಿ, ಆದರೆ ಹೊಡೆಯದೆ ನೆಲಕ್ಕೆ ಬೀಳಲು ಬಿಡಲಿ. ಅದು ಹೊಡೆಯುವ ಭುಜದ ನೇರಕ್ಕೆ, ಒಂದು ಅಡಿಯಷ್ಟು ಮುಂದೆ ಬೀಳಬೇಕು. ಬಿದ್ದ ಜಾಗವನ್ನು ಕಾಲಿನಿಂದ ಗೀರಿ ಗುರುತಿಸಿ, ಐದು ಬಾರಿ ಎಸೆಯಿಸಿ. ಒಂದು ಪಾತ್ರೆಯ ಬಾಯಿಯಷ್ಟು ಜಾಗದಲ್ಲಿ ನಾಲ್ಕು ಗುರುತು ಬಿದ್ದರೆ ಟಾಸ್ ನಿಂತಿದೆ ಎಂದರ್ಥ. ಒಂದು ಎಡಕ್ಕೆ, ಒಂದು ತಲೆಯ ಹಿಂದೆ, ಒಂದು ಮಾರುದ್ದ ಮುಂದೆ ಬಿದ್ದರೆ ಆ ಹುಡುಗಿ ಇನ್ನೂ ಸರ್ವಿಸನ್ನೇ ಕಲಿಯುತ್ತಿದ್ದಾಳೆ, ಗುರಿಯ ಮಾತು ಆಮೇಲೆ.

ಎರಡನೆಯದು ಗುರಿಯ ಪರೀಕ್ಷೆ. ಪ್ರತಿಯೊಬ್ಬರಿಗೂ ಹನ್ನೆರಡು ಸರ್ವಿಸ್, ಮೂರು ಗುರಿಗಳಿಗೆ ತಲಾ ನಾಲ್ಕು, ಕಲಸಿದ ಕ್ರಮದಲ್ಲಿ. ಚೌಕದೊಳಗೆ ಬಿದ್ದರೆ ಎರಡು ಅಂಕ, ಅಂಕಣದೊಳಗೆ ಬೇರೆಲ್ಲಿ ಬಿದ್ದರೂ ಒಂದು, ನೆಟ್ ಅಥವಾ ಹೊರಗೆ ಹೋದರೆ ಸೊನ್ನೆ. ಪೂರ್ಣಾಂಕ 24. ಮುಂದಿನ ಎಲ್ಲ ಸೋಮವಾರ ಇದೇ ಪರೀಕ್ಷೆ ಮೊದಲ ಕೆಲಸವಾಗಿರಲಿ. ಶನಿವಾರ, ಭಾನುವಾರ ಚೆಂಡು ಮುಟ್ಟದೆ ಬಂದ ಕೈ ಏನು ಉಳಿಸಿಕೊಂಡಿದೆ ಎಂಬುದು ಆಗ ತಿಳಿಯುತ್ತದೆ. ಶುಕ್ರವಾರದ ಕೊನೆಯ ಹತ್ತು ನಿಮಿಷದ ಆಟ ನೋಡಿ ‘ಕಲಿತಳು’ ಎಂದು ಬರೆದುಕೊಳ್ಳುವುದು ನಮ್ಮಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಹಂತ 2: ಒಂದೇ ಬಗೆಯ ಅಭ್ಯಾಸ (ಮೊದಲ ವಾರ)

ಟಾಸ್ ನಿಲ್ಲದವರಿಗೆ, ಅಥವಾ ಹತ್ತರಲ್ಲಿ ಐದು ಸರ್ವಿಸ್‌ಗಳನ್ನಾದರೂ ನೆಟ್ ದಾಟಿಸಿ ಅಂಕಣದೊಳಗೆ ಹಾಕಲಾಗದವರಿಗೆ ಈ ಹಂತ ಕಡ್ಡಾಯ. ಐದು ಎಂಬುದು ನನ್ನ ಅನುಭವದ ಗೆರೆ, ನಿಯಮವಲ್ಲ. ಚಲನೆಯ ಆಕಾರವೇ ಕೂಡದವರಿಗೆ ಗುರಿ ಬದಲಾಯಿಸುತ್ತಾ ಹೋದರೆ, ಚೆಂಡು ತಪ್ಪಿದ್ದು ಟಾಸ್‌ನಿಂದಲೋ ಗುರಿಯ ಲೆಕ್ಕದಿಂದಲೋ ಎಂಬುದು ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಆರು ಮಂದಿ ಈ ಬದಿ, ಆರು ಮಂದಿ ಆ ಬದಿ, ಪ್ರತಿ ಬದಿಗೆ ಮೂರು ಚೆಂಡು. ಒಬ್ಬೊಬ್ಬರಿಗೂ 24 ಸರ್ವಿಸ್ ಆಗಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಐದಕ್ಕೆ ಎಂಟು, ಒಂದಕ್ಕೆ ಎಂಟು, ಗಿಡ್ಡಕ್ಕೆ ಎಂಟು ಹೊಡೆಯಲಿ. ಒಬ್ಬರಿಗೆ ಒಂದು ಬೆಳಿಗ್ಗೆ ಒಂದೇ ಸೂಚನೆ ಕೊಡಿ: ಟಾಸ್ ಕೆಳಗಿರಲಿ, ಇಲ್ಲವೇ ಅಂಗೈ ಗಟ್ಟಿಯಿರಲಿ, ಇಲ್ಲವೇ ಹೊಡೆದ ನಂತರ ಕೈ ಗುರಿಯ ಕಡೆಗೇ ನಿಲ್ಲಲಿ. ಮೂರನ್ನೂ ಒಟ್ಟಿಗೆ ಹೇಳಿದರೆ ಒಂದೂ ಉಳಿಯುವುದಿಲ್ಲ.

ಎರಡೂ ಬದಿಯಿಂದ ಚೆಂಡು ಹಾರುವಾಗ ಉರುಳಿ ಬಂದ ಚೆಂಡಿನ ಮೇಲೆ ಕಾಲಿಟ್ಟು ಪಾದ ಉಳುಕಿಸಿಕೊಳ್ಳುವುದು ಸಾಮಾನ್ಯ. ಚೆಂಡು ಕಾಲ ಬಳಿ ಬಂದರೆ ಕಂಡವರು ಕೂಗಬೇಕು, ಆ ಬದಿಯವರೆಲ್ಲ ನಿಲ್ಲಬೇಕು ಎಂಬ ನಿಯಮವನ್ನು ಮೊದಲ ದಿನವೇ ಮಾಡಿ.

ಈ ಹಂತದ ಅಪಾಯ ಅದು ಕೊಡುವ ಸಂತೋಷ. ಮೂರನೆಯ ದಿನಕ್ಕೆ ಚೆಂಡುಗಳು ಚೌಕದಲ್ಲಿ ಪಟಪಟನೆ ಬೀಳತೊಡಗುತ್ತವೆ, ನೋಡಲು ಬಂದ ಮುಖ್ಯ ಗುರುಗಳಿಗೂ ಸಮಾಧಾನವಾಗುತ್ತದೆ, ಹೀಗೇ ಮುಂದುವರಿಯಲಿ ಎಂದು ನಿಮಗೂ ಅನಿಸುತ್ತದೆ. ಎಂಟರ ಸರಣಿಯಲ್ಲಿ ಮೊದಲ ಚೆಂಡು ಎಲ್ಲಿ ಬಿತ್ತು ಎಂಬುದನ್ನು ಮಾತ್ರ ಬೇರೆ ಬರೆದಿಡಿ. ಮೊದಲನೆಯದು ತಪ್ಪಿ, ಮೂರನೆಯದರಿಂದ ಸರಿಯಾಗುವುದೇ ಮತ್ತೆ ಮತ್ತೆ ಕಂಡರೆ, ಆ ಹುಡುಗಿ ಕಲಿಯುತ್ತಿರುವುದು ತಿದ್ದಿಕೊಳ್ಳುವುದನ್ನು. ಪಂದ್ಯದಲ್ಲಿ ತಿದ್ದಿಕೊಳ್ಳಲು ಎರಡನೆಯ ಚೆಂಡು ಇರುವುದಿಲ್ಲ. ಟಾಸ್ ನಿಂತಿದ್ದೂ ಈ ಚಿತ್ರ ಕಂಡರೆ ಮುಂದಿನ ಹಂತಕ್ಕೆ ಹೋಗುವ ಸಮಯ ಬಂದಿದೆ.

ಹಂತ 3: ಸರದಿ ಅಭ್ಯಾಸ (ಎರಡನೆಯ ವಾರ)

ಸೋಮವಾರ ಸರಣಿಯನ್ನು ಎಂಟರಿಂದ ಎರಡಕ್ಕೆ ಇಳಿಸಿ: ಐದಕ್ಕೆ ಎರಡು, ಒಂದಕ್ಕೆ ಎರಡು, ಗಿಡ್ಡಕ್ಕೆ ಎರಡು, ಹೀಗೆ ನಾಲ್ಕು ಸುತ್ತು. ಬುಧವಾರದಿಂದ ಒಂದೊಂದೇ: ಐದು, ಒಂದು, ಗಿಡ್ಡ, ಎಂಟು ಸುತ್ತು. ಒಂದೇ ಬಗೆಯಿಂದ ಸರದಿಗೆ, ಸರದಿಯಿಂದ ಬೆರಕೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದನ್ನು ಪೋರ್ಟರ್ ಮತ್ತು ಮಗಿಲ್ 2010ರಲ್ಲಿ ಗಾಲ್ಫ್ ಮತ್ತು ಬಾಸ್ಕೆಟ್‌ಬಾಲ್‌ನಲ್ಲಿ ಹೊಸದಾಗಿ ಕಲಿಯುವವರ ಮೇಲೆ ಪರೀಕ್ಷಿಸಿ, ಅದು ಒಳ್ಳೆಯ ಫಲ ಕೊಡುತ್ತದೆ ಎಂದು ಕಂಡರು. ಶಾಲೆಯ ತಂಡಗಳಿಗೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ.

ಇದು ಸೇತುವೆಯ ಹಂತ, ಒಂದು ವಾರಕ್ಕಿಂತ ಹೆಚ್ಚು ಇಲ್ಲಿ ನಿಲ್ಲಬೇಡಿ. ಮುಂದಿನ ಗುರಿ ಗೊತ್ತಿರುವುದರಿಂದ ಹುಡುಗಿಯರು ಸಾಲಿನಲ್ಲಿ ನಿಂತಾಗಲೇ ಅದಕ್ಕೆ ಸಿದ್ಧರಾಗಿರುತ್ತಾರೆ.

ಹಂತ 4: ಬೆರಕೆ ಅಭ್ಯಾಸ (ಮೂರು ಮತ್ತು ನಾಲ್ಕನೆಯ ವಾರ)

ಚೀಟಿಗಳ ಮೇಲೆ ‘ಐದು’, ‘ಒಂದು’, ‘ಗಿಡ್ಡ’ ಎಂದು ತಲಾ ಎಂಟರಂತೆ ಬರೆದು, ಹಿಂದಿನ ರಾತ್ರಿಯೇ ಕಲಸಿ, ಬಂದ ಕ್ರಮವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳಿ. ಒಂದೇ ಗುರಿ ಸತತ ಮೂರು ಬಾರಿ ಬಂದಿದ್ದರೆ ಒಂದನ್ನು ಎತ್ತಿ ಬೇರೆ ಕಡೆ ಇಡಿ. ಮೊದಲ ಹನ್ನೆರಡು ಹೀಗೆ ಬರಬಹುದು: ಐದು, ಗಿಡ್ಡ, ಒಂದು, ಒಂದು, ಗಿಡ್ಡ, ಐದು, ಒಂದು, ಗಿಡ್ಡ, ಐದು, ಐದು, ಒಂದು, ಗಿಡ್ಡ. ಚೀಟಿಯೇಕೆ, ಬಾಯಿಗೆ ಬಂದದ್ದನ್ನು ಕೂಗಿದರೆ ಸಾಲದೇ ಎಂದು ಕೇಳುತ್ತೀರಿ. ಸಾಲದು. ಬಾಯಿಯಿಂದ ಕೂಗುವವರು ತಮಗೇ ತಿಳಿಯದಂತೆ ಒಂದು ಲಯಕ್ಕೆ ಬೀಳುತ್ತಾರೆ, ಹಿಂದಿನ ಚೆಂಡು ತಪ್ಪಿದರೆ ಕರುಣೆಯಿಂದ ಅದೇ ಗುರಿಯನ್ನು ಮತ್ತೆ ಕೂಗುತ್ತಾರೆ. ಎರಡನೆಯದು ಅಭ್ಯಾಸವನ್ನು ಸದ್ದಿಲ್ಲದೆ ಹಳೆಯ ಹಂತಕ್ಕೇ ಎಳೆದೊಯ್ಯುತ್ತದೆ.

ಕ್ರಮ ಹೀಗಿರಲಿ. ಆಟಗಾರ್ತಿ ಚೆಂಡು ಹಿಡಿದು ಎಂಡ್ ಲೈನಿನ ಹಿಂದೆ ನಿಲ್ಲುತ್ತಾಳೆ. ನೀವು ಸೀಟಿ ಊದಿ, ಗುರಿಯನ್ನು ಕೂಗುತ್ತೀರಿ. ಪಂದ್ಯದ ನಿಯಮದಂತೆ ಸೀಟಿಯಿಂದ ಎಂಟು ಸೆಕೆಂಡಿನೊಳಗೆ ಅವಳು ಹೊಡೆಯಬೇಕು. ಹೊಡೆದ ಕೂಡಲೇ ಅಂಕಣದೊಳಗೆ ಓಡಿ, ಎದುರಿನಿಂದ ಬರುವ ಒಂದು ಸರ್ವಿಸನ್ನು ಮುಂಗೈಯಿಂದ ಎತ್ತಿ ಕೊಟ್ಟು, ಆಮೇಲೆ ಸಾಲಿನ ಹಿಂದಕ್ಕೆ ಹೋಗುತ್ತಾಳೆ. ಹೀಗೆ ಮಾಡಿದರೆ ಎರಡೂ ಬದಿಯವರು ಒಂದೇ ಹೊತ್ತಿಗೆ ಹೊಡೆಯುವಂತಿಲ್ಲ, ಸರದಿಯ ಮೇಲೆ ಹೊಡೆಯಬೇಕಾಗುತ್ತದೆ, ಹಾಗಾಗಿ ಮೊದಲಿನಷ್ಟೇ ಸಮಯದಲ್ಲಿ ಒಬ್ಬರಿಗೆ ಹನ್ನೆರಡರಿಂದ ಹದಿನೈದು ಸರ್ವಿಸ್ ಆಗಬಹುದು. ಸಂಖ್ಯೆ ಇಳಿಯಿತು ಎಂದು ಚಿಂತಿಸಬೇಡಿ. ಈ ಮುಂಗೈ ಕೆಲಸವನ್ನು ನಡುವೆ ಸೇರಿಸಿದ್ದಕ್ಕೆ ಕಾರಣವಿದೆ. ಮಗಿಲ್ ಮತ್ತು ಹಾಲ್ 1990ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಒಂದೇ ಚಲನೆಯ ಬಲ, ದಿಕ್ಕು ಮಾತ್ರ ಬದಲಾಗುವ ಬೆರಕೆಗಿಂತ ಬೇರೆ ಬೇರೆ ಚಲನೆಗಳ ಬೆರಕೆಯಲ್ಲಿ ಲಾಭ ಹೆಚ್ಚು. ಆ ವಾದಕ್ಕೆ ಎಲ್ಲ ಪ್ರಯೋಗಗಳೂ ಸಾಕ್ಷಿ ಕೊಟ್ಟಿಲ್ಲ. ಆದರೆ ಪಂದ್ಯದಲ್ಲಿ ಸರ್ವಿಸ್ ನಂತರ ಅಂಕಣದೊಳಗೆ ಓಡಿ ಆಡಲೇಬೇಕಾದ್ದರಿಂದ, ಇಲ್ಲಿ ಅದನ್ನು ಅನುಸರಿಸಿದರೆ ನಷ್ಟವೇನಿಲ್ಲ.

ಈ ಹಂತದಲ್ಲಿ ನಾಲ್ಕು ತಪ್ಪುಗಳನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಮೊದಲನೆಯದು, ಗುರಿಯನ್ನು ಬೇಗ ಹೇಳಿಬಿಡುವುದು. ಸಾಲಿನಲ್ಲಿ ಮೂರನೆಯವಳಾಗಿ ನಿಂತಾಗಲೇ ತನ್ನ ಗುರಿ ತಿಳಿದರೆ ಅದು ಸರದಿ ಅಭ್ಯಾಸವೇ ಆಗುತ್ತದೆ. ಎರಡನೆಯದು, ಒಂದೇ ಪಟ್ಟಿಯನ್ನು ಮೂರು ದಿನ ಓಡಿಸುವುದು. ಮಕ್ಕಳ ನೆನಪು ನಮ್ಮದಕ್ಕಿಂತ ಚುರುಕು, ಎರಡನೆಯ ದಿನಕ್ಕೆ ಅವರಿಗೆ ಪಟ್ಟಿ ಬಾಯಿಪಾಠವಾಗಿರುತ್ತದೆ.

ಮೂರನೆಯದು, ಪ್ರತಿ ಚೆಂಡಿಗೂ ತಿದ್ದುವುದು. ‘ಕೈ ಕೆಳಗಾಯಿತು, ಬಲ ಸಾಲದಾಯಿತು’ ಎಂದು ನೀವು ಹೇಳಿಬಿಟ್ಟರೆ, ಅವಳು ತಾನೇ ಕಟ್ಟಬೇಕಾದ ಲೆಕ್ಕವನ್ನು ನೀವು ಕಟ್ಟಿಕೊಟ್ಟಂತೆ. ನಾಲ್ಕು ಚೆಂಡುಗಳಿಗೆ ಒಮ್ಮೆ ಮಾತನಾಡಿ, ಅದೂ ‘ಆ ಗಿಡ್ಡ ಚೆಂಡು ಯಾಕ ಉದ್ದ ಹೋಯ್ತವ್ವಾ?’ ಎಂದು ಅವಳನ್ನೇ ಮೊದಲು ಕೇಳಿ.

ನಾಲ್ಕನೆಯದು, ಅಂಕ ಬಿದ್ದದ್ದು ಕಂಡು ಗಾಬರಿಯಾಗಿ ಹಿಂದಕ್ಕೆ ಹೋಗುವುದು. ಈ ವಾರ ಯಾರಾದರೊಬ್ಬರು ಬಂದು, ‘ಸರ್, ಹೋದ ವಾರ ಚಲೋ ಬೀಳ್ತಿದ್ವು ನೋಡ್ರಿ, ಈಗ ಯಾಕೋ ಒಂದೂ ಬೀಳವಲ್ದು’ ಎನ್ನುವುದು ಖಚಿತ. ಅಂಕ ಬೀಳಬೇಕಾದದ್ದೇ. ಆದರೆ ಎಲ್ಲ ಬೀಳುವಿಕೆಯೂ ಒಳ್ಳೆಯದಲ್ಲ, ಎರಡನ್ನು ಬೇರ್ಪಡಿಸಲು ಟಾಸ್ ನೋಡಿ. ಟಾಸ್ ಎಂದಿನಂತಿದ್ದು, ಚೆಂಡು ಚೌಕದ ಗೆರೆಯಿಂದ ಒಂದೆರಡು ಹೆಜ್ಜೆ ಈಚೆಗೋ ಆಚೆಗೋ ಬೀಳುತ್ತಿದ್ದರೆ ಅದು ಲೆಕ್ಕ ಕಟ್ಟುವಾಗ ಆಗುವ ತಪ್ಪು, ಮುಂದುವರಿಸಿ. ಟಾಸ್ ಅಲೆಯತೊಡಗಿ, ಸರ್ವಿಸ್‌ಗಳು ಅರ್ಧಕ್ಕಿಂತ ಹೆಚ್ಚು ನೆಟ್‌ಗೋ ಹೊರಗೋ ಹೋಗುತ್ತಾ, ಹಾಗೆಯೇ ಎರಡು ಬೆಳಿಗ್ಗೆ ನಡೆದರೆ ಭಾರ ಹೆಚ್ಚಾಗಿದೆ ಎಂದರ್ಥ. ಗ್ವಾಡಾನೊಲಿ ಮತ್ತು ಲೀ ಎಂಬವರು 2004ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದರು: ಕಲಿಯುವವರ ಮಟ್ಟಕ್ಕೆ ತಕ್ಕಷ್ಟು ಕಷ್ಟವಿದ್ದರೆ ಕಲಿಕೆ, ಅದನ್ನು ಮೀರಿದರೆ ಬರೀ ಗೊಂದಲ. ಅಂಥವರನ್ನು ಎರಡು ಗುರಿಗಳ ಬೆರಕೆಗೆ ಇಳಿಸಿ, ಐದು ಮತ್ತು ಗಿಡ್ಡ ಮಾತ್ರ ಇಡಿ. ಪೂರ್ತಿ ಹಿಂದಕ್ಕೆ ಕಳಿಸುವ ಅಗತ್ಯ ಅಪರೂಪ.

ಹನ್ನೆರಡೂ ಮಂದಿ ಒಂದೇ ದಿನ ಒಂದೇ ಹಂತಕ್ಕೆ ಬರಬೇಕಾಗಿಲ್ಲ. ಒಂದು ಬದಿಯಲ್ಲಿ ಬೆರಕೆ, ಇನ್ನೊಂದು ಬದಿಯಲ್ಲಿ ಸರದಿ ನಡೆಯಬಹುದು. ಹಾಗೆ ಮಾಡಿದ ದಿನ ಮುಂಗೈ ಕೆಲಸ ಬಿಡಿ, ಇಲ್ಲವಾದರೆ ಓಡಾಟದಲ್ಲಿ ಯಾರು ಯಾವ ಸಾಲಿನವರೆಂದು ನಿಮಗೇ ತಿಳಿಯುವುದಿಲ್ಲ.

ಹಂತ 5: ನೋಟುಬುಕ್ ಓದುವುದು

ಪ್ರತಿ ಆಟಗಾರ್ತಿಗೆ ಎರಡು ಅಂಕಣ ಬರೆಯಿರಿ: ಶುಕ್ರವಾರದ ಕೊನೆಯ ಹನ್ನೆರಡು ಸರ್ವಿಸ್‌ಗಳ ಅಂಕ, ಮತ್ತು ಅದರ ಮುಂದಿನ ಸೋಮವಾರದ ಪರೀಕ್ಷೆಯ ಅಂಕ. ಓದುವ ಬಗೆ ತೋರಿಸಲು ಒಂದು ಮಾದರಿ ಪುಟ ಕೊಡುತ್ತೇನೆ, ನಿಮ್ಮ ಅಂಕಿಗಳು ಬೇರೆಯೇ ಬರುತ್ತವೆ.

ಒಂದೇ ಬಗೆಯ ವಾರ: ಶುಕ್ರವಾರ 19, ಸೋಮವಾರ 11.
ಸರದಿಯ ವಾರ: ಶುಕ್ರವಾರ 16, ಸೋಮವಾರ 12.
ಬೆರಕೆಯ ಮೊದಲ ವಾರ: ಶುಕ್ರವಾರ 13, ಸೋಮವಾರ 14.
ಬೆರಕೆಯ ಎರಡನೆಯ ವಾರ: ಶುಕ್ರವಾರ 15, ಸೋಮವಾರ 15.

ಎಡ ಅಂಕಣವನ್ನು ಮಾತ್ರ ನೋಡಿದವರು ಈ ಹುಡುಗಿ 19ರಿಂದ 13ಕ್ಕೆ ಕುಸಿದಳು, ಬೆರಕೆ ಅಭ್ಯಾಸ ಅವಳನ್ನು ಕೆಡಿಸಿತು ಎನ್ನುತ್ತಾರೆ. ಬಲ ಅಂಕಣ 11ರಿಂದ 15ಕ್ಕೆ ಏರಿದೆ. ಎರಡರ ನಡುವಿನ ಅಂತರ ಎಂಟು, ನಾಲ್ಕು ಎಂದು ಕಿರಿದಾಗುತ್ತಾ ಕೊನೆಗೆ ಇಲ್ಲವಾಗಿದೆ. ಅಂತರ ದೊಡ್ಡದಿರುವಷ್ಟು ಕಾಲ ಅಭ್ಯಾಸದ ಅಂಕ ನಿಮಗೆ ಸುಳ್ಳು ಹೇಳುತ್ತಿದೆ ಎಂದು ತಿಳಿಯಿರಿ. ಎರಡೂ ಅಂಕಣ ಸಮವಾಗಿ, ಮೂರು ಸೋಮವಾರ ಮೇಲೇರದೆ ನಿಂತರೆ ಮಾತ್ರ ಬೇರೆ ತೊಂದರೆ ಹುಡುಕಬೇಕು. ಹೆಚ್ಚಾಗಿ ಅದು ಮತ್ತೆ ಟಾಸ್‌ನಲ್ಲೇ ಸಿಗುತ್ತದೆ.

ನಾಲ್ಕು ವಾರಗಳಲ್ಲಿ ಬಂದ ಏರಿಕೆಯೆಲ್ಲ ಕ್ರಮ ಬದಲಾಯಿಸಿದ್ದರಿಂದಲೇ ಬಂತು ಎಂದು ಈ ಪುಟ ಸಾಧಿಸುವುದಿಲ್ಲ. ನಾಲ್ಕು ವಾರ ಯಾವ ಕ್ರಮದಲ್ಲಿ ಹೊಡೆದರೂ ಒಂದಿಷ್ಟು ಸುಧಾರಣೆ ಆಗುತ್ತಿತ್ತು. ಪ್ರಯೋಗಶಾಲೆಯ ಸರಳ ಕೆಲಸಗಳಲ್ಲಿ ಬೆರಕೆ ಕ್ರಮದ ಲಾಭ ಎದ್ದು ಕಾಣುತ್ತದೆ. ನಿಜವಾದ ಕ್ರೀಡೆಗಳಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ, ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಕೆಲವು ಅಧ್ಯಯನಗಳಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಐದು, ಆರನೆಯ ತರಗತಿಯ ಮಕ್ಕಳಿಗೆ ಚೀಟಿಯ ಹಂತವನ್ನು ಒತ್ತಾಯಿಸಬೇಡಿ, ಅವರಿಗೆ ಎರಡು ಗುರಿಗಳ ಸರದಿ ಸಾಕು.

ಒಂದೇ ಬಗೆಯ ಅಭ್ಯಾಸಕ್ಕೆ ಯಾವಾಗ ಮರಳಬೇಕು

ಬೆರಕೆ ಹಂತ ಮುಟ್ಟಿದ ಮೇಲೆ ಹಳೆಯ ಕ್ರಮ ನಿಷಿದ್ಧವಾಯಿತು ಎಂದಲ್ಲ. ಮೂರು ಸಂದರ್ಭಗಳಲ್ಲಿ ನಾನು ಬೇಕೆಂದೇ ಅದಕ್ಕೆ ಮರಳುತ್ತೇನೆ.

ಚಲನೆಯನ್ನೇ ಬದಲಿಸುವಾಗ, ಉದಾಹರಣೆಗೆ ಕೆಳಗೈ ಸರ್ವಿಸ್‌ನಿಂದ ತಲೆಯ ಮೇಲಿನ ಸರ್ವಿಸ್‌ಗೆ ಹೋಗುವಾಗ, ಹೊಸ ಚಲನೆ ಆಕಾರಕ್ಕೆ ಬರುವವರೆಗೆ ಒಂದೇ ಗುರಿ ಇರಲಿ. ಭುಜದ ನೋವಿನಿಂದ ಬಿಡುವು ಪಡೆದು ಮರಳಿದವರಿಗೂ ಹಾಗೆಯೇ, ಹತ್ತಿರದಿಂದ, ಕಡಿಮೆ ಬಲದಿಂದ ಆರಂಭಿಸಿ, ಏಕೆಂದರೆ ಅಲ್ಲಿ ನೀವು ನೋಡಬೇಕಾದದ್ದು ಗುರಿಯನ್ನಲ್ಲ, ಭುಜವನ್ನು.

ಮೂರನೆಯದು ಪಂದ್ಯದ ಬೆಳಿಗ್ಗೆ. ಅಂದು ಹೊಸದನ್ನು ಕಲಿಸುವ ಸಮಯವಲ್ಲ. ಪ್ರತಿಯೊಬ್ಬರೂ ತಮಗೆ ಒಗ್ಗಿದ ಒಂದು ಗುರಿಗೆ ನಾಲ್ಕೈದು ಸರ್ವಿಸ್ ಹೊಡೆದು ಧೈರ್ಯ ತಂದುಕೊಳ್ಳಲಿ, ಕೊನೆಯ ಎರಡನ್ನು ಮಾತ್ರ ನೀವು ಕೂಗಿದ ಗುರಿಗೆ ಹೊಡೆಯಲಿ.

ಚೆನ್ನಾಗಿ ಆಡುವವರಿಗೆ ಬೆರಕೆ ಬೇಡ, ಅವರು ಅದನ್ನು ದಾಟಿ ಬಂದವರು ಎಂಬ ಮಾತೂ ಕೇಳಿಬರುತ್ತದೆ. 1994ರಲ್ಲಿ ಅಮೆರಿಕದ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು. ವಾರಕ್ಕೆ ಎರಡು ಬಾರಿ, ಆರು ವಾರ, ಪ್ರತಿ ಬಾರಿ ಮೂರು ಬಗೆಯ ಎಸೆತಗಳು ತಲಾ ಹದಿನೈದು, ಒಟ್ಟು 45 ಎಸೆತಗಳನ್ನು ಹೆಚ್ಚುವರಿಯಾಗಿ ಎದುರಿಸಿದವರಲ್ಲಿ, ಎಸೆತಗಳನ್ನು ಕಲಸಿ ಎದುರಿಸಿದ ಗುಂಪೇ ಹೆಚ್ಚು ಸುಧಾರಿಸಿತು. ನಿಮ್ಮ ತಂಡದ ಒಳ್ಳೆಯ ಸರ್ವರ್‌ಗೆ ಚೀಟಿಗಳ ಜೊತೆ ಇನ್ನೊಂದು ಸೇರಿಸಿ: ಎದುರು ಬದಿಯಲ್ಲಿ ಆರು ಮಂದಿಯನ್ನು ನಿಲ್ಲಿಸಿ, ಗುರಿಯನ್ನು ನೀವು ಕೂಗಬೇಡಿ, ಖಾಲಿ ಜಾಗ ನೋಡಿ ಅವಳೇ ಆರಿಸಲಿ.

ಗಾಳಿಯ ಬಗ್ಗೆ ಒಂದು ಮಾತು. ಜೂನ್, ಜುಲೈನಲ್ಲಿ ನಮ್ಮ ಬಯಲಿನ ಅಂಕಣಗಳಲ್ಲಿ ಗಾಳಿ ಜೋರಾಗಿದ್ದಾಗ ಗಿಡ್ಡ ಸರ್ವಿಸ್ ಒಂದು ಬದಿಯಿಂದ ಉದ್ದವಾಗಿಯೂ ಇನ್ನೊಂದು ಬದಿಯಿಂದ ನೆಟ್‌ಗೂ ಹೋಗುತ್ತದೆ. ಸೋಮವಾರದ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಆರು ಸರ್ವಿಸ್ ಒಂದು ಬದಿಯಿಂದ, ಆರು ಇನ್ನೊಂದು ಬದಿಯಿಂದ ಮಾಡಿಸಿ, ಅಂಕದ ಪಕ್ಕದಲ್ಲಿ ಗಾಳಿ ಎತ್ತಲಿಂದ ಇತ್ತೆಂದು ಒಂದು ಬಾಣದ ಗುರುತು ಹಾಕಿಡಿ.